30°, 45°, 60° ಬೆಲೆಗಳು: ಎರಡು ತ್ರಿಭುಜ ಬರೆದಮೇಲೂ √3 ಯಾವ ಬಾಹುವಿಗೆ ಅಂತ ಗೊಂದಲ

ಕೋನಾರ್ಧ
ಎಸ್ಸೆಸ್ಸೆಲ್ಸಿ ಮಕ್ಕಳಿಗೆ ತ್ರಿಕೋನಮಿತಿ ಶುರುವಾಗಿದೆ. ಕೋಷ್ಟಕ ಬಾಯಿಪಾಠ ಮಾಡಿಸುವುದು ಬೇಡ, ಎರಡು ತ್ರಿಭುಜ ಬರೆದು ಅಲ್ಲಿಂದಲೇ ಬೆಲೆ ಓದಲಿ ಎಂಬುದು ನನ್ನ ಆಸೆ. 45° ಗೆ ತೊಂದರೆಯಿಲ್ಲ. 30° ಮತ್ತು 60° ಬಂದಾಗ ಅರ್ಧಕ್ಕರ್ಧ ಮಕ್ಕಳು √3 ಅನ್ನು ತಪ್ಪು ಬಾಹುವಿನ ಮೇಲೆ ಬರೆಯುತ್ತಾರೆ. ಕೆಲವರು ವಿಕರ್ಣಕ್ಕೇ √3 ಕೊಟ್ಟು ಪಾದಕ್ಕೆ 2 ಹಾಕುತ್ತಾರೆ. ಬಾಹು ಸರಿ ಬರೆದವರೂ sin 30° ಕೇಳಿದರೆ √3/2 ಅನ್ನುತ್ತಾರೆ.

ಎರಡು ಪ್ರಶ್ನೆ. ಒಂದು, ಸಮಬಾಹು ತ್ರಿಭುಜದ ಬಾಹು 2 ಅಂತಲೇ ಯಾಕೆ ತಗೋಬೇಕು ಎಂದು ಮಕ್ಕಳು ಕೇಳಿದರೆ ಏನು ಹೇಳಬೇಕು? ಎರಡು, ಈ ಅದಲುಬದಲು ತಪ್ಪಿಸುವ ದಾರಿ ಯಾವುದು?

ಸೀಮೆಸುಣ್ಣ
ತ್ರಿಭುಜವನ್ನು ನೀವು ಬರೆದುಕೊಡುತ್ತೀರೋ, ಮಕ್ಕಳೇ ಕತ್ತರಿಸುತ್ತಾರೋ? ಅದರ ಮೇಲೆ ಎಲ್ಲಾ ನಿಂತಿದೆ. 1, √3, 2 ಎಂದು ಗುರುತು ಹಾಕಿದ ಲಂಬಕೋನ ತ್ರಿಭುಜವನ್ನು ನೇರವಾಗಿ ಬೋರ್ಡಿನ ಮೇಲೆ ಹಾಕಿದರೆ ಅದು ಇನ್ನೊಂದು ಬಾಯಿಪಾಠ, ಅಷ್ಟೆ. ಕೋಷ್ಟಕದ ಬದಲು ಚಿತ್ರ ಉರು ಹೊಡೆದ ಹಾಗೆ.

ಸಮಬಾಹು ತ್ರಿಭುಜದಿಂದಲೇ ಹೊರಡಿ. ಮೂರೂ ಬಾಹು 2, ಮೂರೂ ಕೋನ 60°. ಮೇಲಿನ ಶೃಂಗದಿಂದ ಪಾದಕ್ಕೆ ಲಂಬ ಎಳೆಯಲಿ. ಎಡ ಬಲ ಎರಡು ತುಂಡು ಬರುತ್ತವೆ. ಎರಡಕ್ಕೂ ಒಂದೊಂದು ಲಂಬಕೋನ, ವಿಕರ್ಣ ಎರಡರದ್ದೂ 2, ನಡುವಿನ ಲಂಬ ಎರಡಕ್ಕೂ ಸೇರಿದ್ದು. ಹಾಗಾಗಿ ತುಂಡುಗಳು ಸರ್ವಸಮ. ಇದರಿಂದ ಒಂದೇ ಏಟಿಗೆ ಎರಡು ವಿಷಯ ಸಿಗುತ್ತದೆ: ಪಾದ 1 ಮತ್ತು 1 ಆಗಿ ಒಡೆಯಿತು, ಮೇಲಿನ 60° ಕೋನ 30° ಮತ್ತು 30° ಆಗಿ ಒಡೆಯಿತು. ಈಗ ಒಂದು ತುಂಡನ್ನು ಮಾತ್ರ ಇಟ್ಟುಕೊಂಡು ಪೈಥಾಗೊರಸ್ ಹಾಕಿ. ಲಂಬದ ವರ್ಗ 4 − 1 = 3, ಲಂಬ √3.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ. ಕತ್ತರಿಸಿದ ಕೋನ 30°, ಕತ್ತರಿಸಿದ ಬಾಹು 1. ಕತ್ತರಿಸಿದ ಕೋನದ ಎದುರಿಗೇ ಕತ್ತರಿಸಿದ ಬಾಹು ಇರುತ್ತದೆ. ಕತ್ತರಿಸದೆ ಉಳಿದ ಕೋನ 60°, ಅದರ ಎದುರು ಹೊಸದಾಗಿ ಎಳೆದ ಗೆರೆ √3. ಇದನ್ನು ಕೈಯಾರೆ ಒಮ್ಮೆ ಮಾಡಿದ ಮಗು ಬಾಹು ತಪ್ಪುವುದು ಕಡಿಮೆ.

ಬಾಹು 2 ಯಾಕೆ ಅಂದರೆ, ಅರ್ಧ ಮಾಡಿದಾಗ ಭಿನ್ನರಾಶಿ ಬರಬಾರದು ಅಂತ ಮಾತ್ರ. ಬಾಹು 1 ತಗೊಂಡರೆ ತುಂಡಿನ ಬಾಹುಗಳು 1/2, √3/2, 1. ಪಠ್ಯದಲ್ಲಿ 2a ಅಂತ ತಗೊಂಡಿರುವುದೂ ಇದಕ್ಕೇ. ಅನುಪಾತ ತೆಗೆಯುವಾಗ a ಹೊಡೆದುಹೋಗುತ್ತದೆ. ಒಂದು ಮಗುವಿಗೆ 10 ಸೆಂಮೀ, ಇನ್ನೊಂದಕ್ಕೆ 8 ಸೆಂಮೀ ಬಾಹು ಕೊಟ್ಟು ಒಂದೇ sin 60° ಬರುತ್ತದೆ ಎಂದು ತೋರಿಸಿ. ಆಗ 2 ಎಂಬುದು ಕಟ್ಟಳೆಯಲ್ಲ, ಅನುಕೂಲ ಅಂತ ಗೊತ್ತಾಗುತ್ತದೆ.

ಹಿಂದಿನಬೆಂಚು
ಸರ್, ಬಾಹು ಸರಿ ಇದ್ದೂ sin 30° ಗೆ √3/2 ಬರೆಯೋದು ಯಾಕೆ? ನಂದೂ ಅದೇ ತಪ್ಪಾಗ್ತಿದೆ.

ಸೀಮೆಸುಣ್ಣ
ಅಡಿಯಲ್ಲಿ ಮಲಗಿರುವ ಬಾಹುವೇ ಯಾವಾಗಲೂ ಪಾರ್ಶ್ವ, ನಿಂತಿರುವುದೇ ಯಾವಾಗಲೂ ಅಭಿಮುಖ ಅಂತ ಅಂದುಕೊಂಡಿರುತ್ತೀಯ. ಸಮಬಾಹು ತ್ರಿಭುಜದ ತುಂಡಿನಲ್ಲಿ 30° ಮೇಲಿದೆ. ಅಲ್ಲಿಂದ ನೋಡಿದರೆ ನಿಂತಿರುವ √3 ಪಾರ್ಶ್ವ, ಮಲಗಿರುವ 1 ಅಭಿಮುಖ.

ಬೆರಳನ್ನು 30° ಮೂಲೆಯ ಮೇಲೆ ಇಡು. ಬೆರಳು ಮುಟ್ಟದ ಬಾಹು ಒಂದೇ ಇರುತ್ತದೆ, ಅದೇ ಅಭಿಮುಖ. ಇಲ್ಲಿ ಅದು 1. ಬೆರಳಿಗೆ ತಾಗಿದ ಎರಡರಲ್ಲಿ ವಿಕರ್ಣ ಬಿಟ್ಟರೆ ಉಳಿದದ್ದು ಪಾರ್ಶ್ವ, √3. ಆದ್ದರಿಂದ

sin 30° = 1/2, cos 30° = √3/2, tan 30° = 1/√3

ಈಗ ಬೆರಳನ್ನು 60° ಮೂಲೆಗೆ ಸರಿಸು. ತ್ರಿಭುಜ ಅದೇ, ವಿಕರ್ಣ ಅದೇ 2. ಅಭಿಮುಖ, ಪಾರ್ಶ್ವ ಎರಡೂ ಜಾಗ ಬದಲಿಸಿದವು:

sin 60° = √3/2, cos 60° = 1/2, tan 60° = √3

ಒಂದು ತ್ರಿಭುಜ ಬರೆದು ಎರಡು ಕೋನದ ಬೆಲೆ ತೆಗೆಯುವುದರ ಲಾಭ ಇದು. 30° ಸೈನು 60° ಕೊಸೈನೇ ಆಗುವುದು ಯಾಕೆ ಅಂತ ಬೇರೆ ವಿವರಿಸಬೇಕಾಗಿಲ್ಲ, ಬೆರಳು ಸರಿಸಿದಾಗಲೇ ಕಾಣುತ್ತದೆ.

ಪೇಡಾನಗರಿ
ಅಲ್ರೀ, ಇಷ್ಟೆಲ್ಲಾ ಯಾಕ ಬೇಕು? ಕೋನ 30, 60, 90 ಅಂದ್ರ 1:2:3 ಆತು. ಬಾಹೂನೂ 1:2:3 ತಗೊಂಡ್ರ ಲೆಕ್ಕ ಸಲೀಸ ಅಲ್ಲೇನು? ದೊಡ್ಡ ಕೋನದ ಎದುರಿಗೆ ದೊಡ್ಡ ಬಾಹು ಅಂತ ನೀವ ಹೇಳ್ತೀರಿ.

ಜ್ಯಾಮಿತಿಪ್ರಿಯೆ
ದೊಡ್ಡ ಕೋನದ ಎದುರು ದೊಡ್ಡ ಬಾಹು ಅನ್ನೋದು ಸರಿ. ಕೋನ ಎರಡು ಪಟ್ಟಾದರೆ ಬಾಹುವೂ ಎರಡು ಪಟ್ಟು ಅನ್ನೋದು ತಪ್ಪು. 1, 2, 3 ಅಳತೆಯ ಮೂರು ಕಡ್ಡಿ ತಗೊಂಡು ತ್ರಿಭುಜ ಮಾಡಿ ನೋಡಿ. 1 ಮತ್ತು 2 ಸೇರಿದರೇ 3 ಆಗುವುದರಿಂದ ಮೂರೂ ಕಡ್ಡಿ ಒಂದೇ ಗೆರೆಯ ಮೇಲೆ ಮಲಗಿಬಿಡುತ್ತವೆ. ತ್ರಿಭುಜವೇ ಏಳುವುದಿಲ್ಲ.

ಪೇಡಾನಗರಿ
ಹೌದ್ರಿ, ಕಡ್ಡಿ ಮಲಗ್ತಾವ. ಒಪ್ಪಿದೆ. ಹಂಗಾರ 45, 45, 90 ಕ್ಕ 1:1:2 ಸೈತ ಬರಂಗಿಲ್ಲ, 1 + 1 = 2 ಆಗಿ ಅದೂ ಮಲಗ್ತದ. ಆದ್ರ ಬಾಹು ಕೋನದ ಪ್ರಮಾಣದಾಗ ಬೆಳೀಲಿಲ್ಲ ಅಂದ್ರ ಯಾವುದರ ಪ್ರಮಾಣದಾಗ ಬೆಳೀತದ?

ಸೀಮೆಸುಣ್ಣ
ಎದುರಿನ ಕೋನದ ಸೈನ್‌ನ ಪ್ರಮಾಣದಲ್ಲಿ. 1/2 : √3/2 : 1 ಅನ್ನು 2 ರಿಂದ ಗುಣಿಸಿದರೆ 1 : √3 : 2. ನೀವು ಹುಡುಕುತ್ತಿದ್ದ ಅನುಪಾತ ಇದೇ. ನಿಮ್ಮ ಪ್ರಶ್ನೆ ಒಳ್ಳೆಯದು ರೀ, ಯಾಕಂದರೆ sin 60° = 2 sin 30° ಅಂತ ಬರೆಯುವ ಮಕ್ಕಳೂ ಇದೇ ತಪ್ಪಿಗೆ ಬಿದ್ದಿರುತ್ತಾರೆ. ಹಾಗಾಗಿದ್ದರೆ sin 60° = 1 ಆಗಿ, ಅಭಿಮುಖ ಬಾಹು ವಿಕರ್ಣದಷ್ಟೇ ಉದ್ದ ಆಗಬೇಕಿತ್ತು.

ಒಟ್ಟಾರೆ ತಾಳೆ ನೋಡಲು ಒಂದೇ ಸಂಗತಿ ನೆನಪಿರಲಿ. 1, 1.73, 2 ಈ ಕ್ರಮದಲ್ಲಿ √3 ನಡುವಿನದು. ಅದು ವಿಕರ್ಣ ಆಗಲು ಸಾಧ್ಯವಿಲ್ಲ, ನಡುವಿನ ಕೋನವಾದ 60° ಎದುರಿಗೇ ಇರಬೇಕು. 3 ಎಂಬ ಅಂಕಿ 2 ಕ್ಕಿಂತ ದೊಡ್ಡದಾಗಿ ಕಾಣುವುದರಿಂದಲೇ ಮಕ್ಕಳು √3 ಅನ್ನು ಒಯ್ದು ವಿಕರ್ಣಕ್ಕೆ ಹಾಕುವುದು. √4 ಅಂದರೆ 2, ಅಂದಮೇಲೆ √3 ಅದಕ್ಕಿಂತ ಚಿಕ್ಕದು ಅಂತ ಪಕ್ಕದಲ್ಲಿ ಬರೆಸಿ.

ಕೋನಾರ್ಧ
ವಿಕರ್ಣಕ್ಕೆ √3 ಯಾಕೆ ಹೋಗುತ್ತಿತ್ತು ಅಂತ ಈಗ ತಿಳಿಯಿತು. ಇನ್ನೊಂದು ಕಾರಣವೂ ಇದೆ ಅನ್ನಿಸುತ್ತದೆ. 45° ತ್ರಿಭುಜದಲ್ಲಿ ಮೂಲ ಚಿಹ್ನೆ ಇರುವುದು ವಿಕರ್ಣದ ಮೇಲೆ, √2. ಅದೇ ಅಭ್ಯಾಸ ಇಲ್ಲಿಗೂ ಬರುತ್ತದೆ.

ಸೀಮೆಸುಣ್ಣ
ಖಂಡಿತ. ಚೌಕದ ಅರ್ಧದಲ್ಲಿ ಎರಡು ಚಿಕ್ಕ ಬಾಹು ಗೊತ್ತು, ವಿಕರ್ಣ ಹುಡುಕಬೇಕು, ಹಾಗಾಗಿ ವರ್ಗ ಕೂಡಿಸುತ್ತೇವೆ. ಸಮಬಾಹುವಿನ ಅರ್ಧದಲ್ಲಿ ವಿಕರ್ಣ ಗೊತ್ತು, ಚಿಕ್ಕ ಬಾಹು ಹುಡುಕಬೇಕು, ಹಾಗಾಗಿ ಕಳೆಯುತ್ತೇವೆ. ಇಲ್ಲಿ ಕೂಡಿಸಿಬಿಟ್ಟವರಿಗೆ 4 + 1 = 5, √5 ಬರುತ್ತದೆ. ಮಗುವಿನ ಪುಸ್ತಕದಲ್ಲಿ √5 ಕಂಡರೆ ತಪ್ಪು ಎಲ್ಲಾಯಿತು ಅಂತ ಹುಡುಕಬೇಕಾಗಿಲ್ಲ.

ಹಿಂದಿನಬೆಂಚು
ಚೌಕದ ಅರ್ಧದಲ್ಲೂ ವಿಕರ್ಣ 2 ಅಂತ ತಗೊಂಡ್ರೆ ತಪ್ಪಾ?

ಜ್ಯಾಮಿತಿಪ್ರಿಯೆ
ತಪ್ಪಿಲ್ಲ. ಆಗ ಎರಡು ಸಮ ಬಾಹುಗಳ ವರ್ಗದ ಮೊತ್ತ 4, ಒಂದೊಂದರ ವರ್ಗ 2, ಒಂದೊಂದು ಬಾಹು √2. sin 45° = √2/2. ಬಾಹು 1 ತಗೊಂಡರೆ 1/√2. ಎರಡೂ ಒಂದೇ ಸಂಖ್ಯೆ, 0.7071. ಮೊದಲನೆಯದರ ಅಂಶ, ಛೇದ ಎರಡನ್ನೂ √2 ರಿಂದ ಭಾಗಿಸಿದರೆ ಎರಡನೆಯದು. tan 45° ಮಾತ್ರ ಹೇಗೆ ತಗೊಂಡರೂ 1.

ಕೋನಾರ್ಧ
ಪರೀಕ್ಷೆಯಲ್ಲಿ 1/√2 ಬಿಟ್ಟರೆ ನಡೆಯುತ್ತದಾ, ಛೇದ ಅಕರಣೀಕರಿಸಲೇಬೇಕಾ? ಈ ಬಗ್ಗೆ ನಮ್ಮಲ್ಲಿ ಎರಡು ಪಕ್ಷ ಇದೆ.

ಜ್ಯಾಮಿತಿಪ್ರಿಯೆ
ಅಕರಣೀಕರಿಸಿ ಬರೆಯುವುದೇ ಒಳ್ಳೆಯದು ಅನ್ನುವ ಪಕ್ಷ ನನ್ನದು. 1 ಅನ್ನು 1.414 ರಿಂದ ಕೈಲೆಕ್ಕದಲ್ಲಿ ಭಾಗಿಸುವುದಕ್ಕಿಂತ 1.414 ಅನ್ನು 2 ರಿಂದ ಭಾಗಿಸುವುದು ಎಷ್ಟೋ ಹಗುರ. ಎರಡು ಉತ್ತರ ಒಂದೇ ಹೌದೋ ಅಲ್ಲವೋ ಅಂತಲೂ ಬೇಗ ತಿಳಿಯುತ್ತದೆ.

ಸೀಮೆಸುಣ್ಣ
ಪಠ್ಯದ ಕೋಷ್ಟಕದಲ್ಲೇ 1/√2, 1/√3, 2/√3 ಅಂತ ಮುದ್ರಿಸಿದ್ದಾರೆ. ಪ್ರಶ್ನೆಯಲ್ಲಿ ಅಕರಣೀಕರಿಸಿ ಅಂತ ಕೇಳದೆ ಇದ್ದರೆ ಬೆಲೆಯನ್ನು ಹಾಗೇ ಬಿಡುವುದರಲ್ಲಿ ತಪ್ಪೇನಿಲ್ಲ. ಮುಂದೆ ವರ್ಗ ಮಾಡುವ ಲೆಕ್ಕ ಇದ್ದರಂತೂ ಬಿಡುವುದೇ ಮೇಲು. 1/√3 ರ ವರ್ಗ 1/3 ಅಂತ ಕಣ್ಣಿಗೇ ಕಾಣುತ್ತದೆ. √3/3 ಅಂತ ಬದಲಿಸಿ ವರ್ಗ ಮಾಡಿದವರು 3/9 ತನಕ ಹೋಗಿ ಮತ್ತೆ ವಾಪಸ್ ಬರಬೇಕು.

ಜ್ಯಾಮಿತಿಪ್ರಿಯೆ
ವರ್ಗ ಬಂದಾಗ ಸರಿ ಸರ್. ಕೂಡಿಸುವಾಗ ಏನು ಮಾಡ್ತೀರಿ? 1/√3 + √3 ಕೊಟ್ಟರೆ ಮಕ್ಕಳು ಅಲ್ಲೇ ನಿಲ್ಲುತ್ತಾರೆ. √3/3 + √3 ಅಂತಿದ್ದರೆ 4√3/3 ಅಂತ ತಾವಾಗಿ ಬರೆಯುತ್ತಾರೆ. ನನ್ನ ಮಾತು ಬದಲಿಸಲ್ಲ.

ಪಕ್ಕಾಸುಮರ
ಮರಗೆಲಸದವನು ನಾನು. ಶಾಲೆ ಲೆಕ್ಕ ಅಷ್ಟು ಗೊತ್ತಿಲ್ಲ, ಆದರೆ ಇದು ನಮ್ಮ ಮಾಡಿನ ಲೆಕ್ಕವೇ ಅಂತ ಕಾಣುತ್ತದೆ. ಹೆಂಚಿನ ಮಾಡು, ಇಳಿಜಾರು 30°. ಗೋಡೆಯಿಂದ ನಡುವಿನ ತನಕ ಅಡ್ಡಳತೆ 12 ಅಡಿ. ವಿಕರ್ಣ ಎರಡು ಪಟ್ಟು ಅಂತ ಮೇಲೆ ಬರೆದಿದ್ದೀರಿ. ಅಂದರೆ ಪಕ್ಕಾಸು 24 ಅಡಿ ಬೇಕಾಗುತ್ತದಾ? ಅಷ್ಟು ಉದ್ದ ಯಾರೂ ಹಾಕುವುದಿಲ್ಲವಲ್ಲ.

ಸೀಮೆಸುಣ್ಣ
ಮೇಸ್ತ್ರಿಯವರೇ, ವಿಕರ್ಣ ಎರಡು ಪಟ್ಟು ಆಗುವುದು 30° ಎದುರಿಗಿರುವ ಬಾಹುವಿಗೆ, ಪಕ್ಕದಲ್ಲಿರುವುದಕ್ಕೆ ಅಲ್ಲ. ನಿಮ್ಮ ಮಾಡಿನಲ್ಲಿ ಇಳಿಜಾರು ಕೋನದ ಎದುರಿಗಿರುವುದು ಎತ್ತರ. 12 ಅಡಿ ಅಡ್ಡಳತೆ ಪಾರ್ಶ್ವ ಬಾಹು, ಅಂದರೆ √3 ರ ಜಾಗದಲ್ಲಿ ಕೂತಿದೆ.

ಹಾಗಾಗಿ ಮೊದಲು ಎತ್ತರ ತೆಗೆಯಿರಿ: 12 × tan 30° = 12/√3 = 4√3 = 6.93 ಅಡಿ, ಹತ್ತಿರಹತ್ತಿರ 6 ಅಡಿ 11 ಇಂಚು. ಪಕ್ಕಾಸು ಅದರ ಎರಡು ಪಟ್ಟು: 8√3 = 13.86 ಅಡಿ, 13 ಅಡಿ 10 ಇಂಚು ಮತ್ತು ಇನ್ನೊಂದು ಕಾಲಿಂಚು. ಗೋಡೆಯಿಂದ ಹೊರಗೆ ಇಳಿಸುವ ಸೂರಿನ ಉದ್ದ ಇದರಲ್ಲಿ ಸೇರಿಲ್ಲ, ತುದಿಯ ಮರದ ದಪ್ಪವನ್ನೂ ಕಳೆದಿಲ್ಲ. ಅವನ್ನು ನೀವೇ ಹೊಂದಿಸಿಕೊಳ್ಳಬೇಕು.

ಪಕ್ಕಾಸುಮರ
ಎತ್ತರದ ಎರಡು ಪಟ್ಟು ಅನ್ನುವುದು ಸರಿಬಂತು. ಈಗ ಈ 30° ಅನ್ನು ಮರದ ಮೇಲೆ ಗುರುತು ಮಾಡುವುದು ಹೇಗೆ? ಪಾಯ ಹಾಕುವಾಗ ಮೂಲೆ ನೋಡಲು 3, 4, 5 ಅಡಿ ದಾರ ಹಿಡಿಯುತ್ತೇವೆ. ಅದರ ಚಿಕ್ಕ ಮೂಲೆ 30° ತಾನೆ?

ಪೇಡಾನಗರಿ
ಹೌದ್ರಿ, 3-4-5 ಅಂದ್ರ 30-60-90 ಅಂತ ನಾನೂ ಕೇಳೇನಿ.

ಜ್ಯಾಮಿತಿಪ್ರಿಯೆ
ಅಲ್ಲ. 3-4-5 ರಲ್ಲಿ 90° ಮಾತ್ರ ಖಚಿತ. ಚಿಕ್ಕ ಬಾಹು 3, ವಿಕರ್ಣ 5, ಅನುಪಾತ 0.6. 30° ಆಗಬೇಕಾದರೆ 0.5 ಇರಬೇಕಿತ್ತು. ಅಲ್ಲಿರುವ ಕೋನಗಳು ಸುಮಾರು 37° ಮತ್ತು 53°. ಮಾಡಿನ ಇಳಿಜಾರಿಗೆ 7° ವ್ಯತ್ಯಾಸ ಅಂದರೆ 12 ಅಡಿಗೆ ಎತ್ತರ 6.93 ಹೋಗಿ 9 ಅಡಿ ಆಗಿಬಿಡುತ್ತದೆ.

ಸೀಮೆಸುಣ್ಣ
ಮರದ ಮೇಲೆ ಗುರುತು ಮಾಡಲು 15, 26, 30 ಇಂಚು ಹಿಡಿಯಿರಿ. ಲಂಬ ಮೂಲೆಯಿಂದ ಒಂದು ಕಡೆ 15 ಇಂಚು, ಇನ್ನೊಂದು ಕಡೆ 26 ಇಂಚು ಗುರುತು ಹಾಕಿ, ಎರಡನ್ನೂ ಸೇರಿಸಿ. 26 ಇಂಚಿನ ತುದಿಯಲ್ಲಿ ಬರುವ ಮೂಲೆ 30°. ಸೇರಿಸಿದ ಗೆರೆ 30 ಇಂಚು ಬಂದರೆ ಮೂಲೆಮಟ್ಟ ಸರಿಯಾಗಿ ಹಿಡಿದಿದ್ದೀರಿ ಅಂತ ತಾಳೆಯೂ ಆಯಿತು. ನಿಜವಾಗಿ 15 ರ ವರ್ಗ 225, 26 ರ ವರ್ಗ 676, ಒಟ್ಟು 901. 30 ರ ವರ್ಗ 900. ಈ ಒಂದರ ವ್ಯತ್ಯಾಸ ಗರಗಸದ ಅಲಗಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. 26/15 ಎಂಬುದು √3 ಗೆ ಅಷ್ಟು ಹತ್ತಿರ, 1.7333.

45° ಗೆ ಇದೇ ರೀತಿ 12, 12, 17. ಅಲ್ಲಿಯೂ 144 + 144 = 288, 17 ರ ವರ್ಗ 289.

ಪಕ್ಕಾಸುಮರ
15, 26, 30 ಬರೆದಿಟ್ಟುಕೊಂಡೆ.

ಹಿಂದಿನಬೆಂಚು
ಜಾಮಿಟ್ರಿ ಬಾಕ್ಸಲ್ಲಿ ಎರಡು ಮೂಲೆಮಟ್ಟ ಇರುತ್ತಲ್ಲ, ಅವೇನಾ ಈ ಎರಡು ತ್ರಿಭುಜ? ಉದ್ದಂದು ಅಳೆದೆ. ಹೊರ ಅಂಚು 7.5, 13, 15 ಸೆಂಮೀ. 7.5 ರ ಎರಡು ಪಟ್ಟು 15, ಅದು ಬಂತು! ಆದ್ರೆ ವರ್ಗ ಹಾಕಿದ್ರೆ 56.25 + 169 = 225.25, 15 ರ ವರ್ಗ 225. ಮೂಲೆಮಟ್ಟ ತಪ್ಪಾ?

ಸೀಮೆಸುಣ್ಣ
ಅವೇ ಎರಡು ತ್ರಿಭುಜ. ಉದ್ದನೆಯದು ಸಮಬಾಹು ತ್ರಿಭುಜದ ಅರ್ಧ, ಇನ್ನೊಂದು ಚೌಕದ ಅರ್ಧ. ಒಂದೇ ಥರದ ಎರಡು ಉದ್ದನೆಯ ಮೂಲೆಮಟ್ಟಗಳನ್ನು, ಒಂದನ್ನು ಮಗುಚಿ, √3 ಅಂಚು ಅಂಟಿಸಿ ಇಟ್ಟರೆ ಇಡೀ ಸಮಬಾಹು ತ್ರಿಭುಜ ಎದುರಿಗೇ ಕಾಣುತ್ತದೆ. ಪಕ್ಕದ ಹುಡುಗನ ಬಾಕ್ಸಿನದನ್ನು ಕೇಳಿ ಇಟ್ಟು ನೋಡು.

ಇನ್ನು ನಿನ್ನ ಅಳತೆ. ನಿಜವಾದ ಉದ್ದ 7.5 × √3 = 12.99 ಸೆಂಮೀ. ನಿನ್ನ ಸ್ಕೇಲಿನಲ್ಲಿ ಮಿಲಿಮೀಟರು ಗೆರೆ ಮಾತ್ರ ಇದೆ. 12.99 ಮತ್ತು 13 ರ ನಡುವೆ ಇರುವುದು ಅದರ ಹತ್ತನೇ ಒಂದು ಭಾಗ. ಪ್ಲಾಸ್ಟಿಕ್ ಮೂಲೆ ಸ್ವಲ್ಪ ದುಂಡಗಾಗಿದ್ದರೂ ಅಷ್ಟು ಹೋಗುತ್ತದೆ. ಮೂಲೆಮಟ್ಟ ಸರಿ ಇದೆ, ಅಳತೆಯಿಂದ √3 ಹುಡುಕಲು ಹೊರಟಿದ್ದು ಸರಿಯಲ್ಲ. √3 ಬಂದದ್ದು 4 − 1 ರಿಂದ, ಸ್ಕೇಲಿನಿಂದಲ್ಲ. ನಿಖರ ಬೆಲೆ ಅನ್ನುವುದು ಅದಕ್ಕೇ.

ಕೋಡ್‌ಕಟ್ಟೆ
ನಿಖರ ಬೆಲೆಯ ಮಾತು ಬಂದದ್ದರಿಂದ ಕಂಪ್ಯೂಟರಿನ ಕಡೆಯಿಂದ ಇದನ್ನೂ ನೋಡಿ. ಪೈಥಾನಿನಲ್ಲಿ:

```
>>> import math
>>> math.sin(30)
-0.9880316240928618
>>> math.sin(math.radians(30))
0.49999999999999994
>>> math.tan(math.radians(45))
0.9999999999999999
```

ಮೊದಲನೆಯದು ತಪ್ಪು ಪ್ರಶ್ನೆ. ಅಲ್ಲಿ 30 ಅಂದರೆ 30 ರೇಡಿಯನ್, ಡಿಗ್ರಿ ಅಲ್ಲ. ಕ್ಯಾಲ್ಕ್ಯುಲೇಟರಿನಲ್ಲಿ sin 30 ಒತ್ತಿದಾಗ −0.988 ಕಂಡರೆ ಕಾರಣ ಇದೇ, ಡಿಗ್ರಿಗೆ ಬದಲಿಸಬೇಕು. ಎರಡನೆಯದು, ಮೂರನೆಯದು ಸರಿ ಪ್ರಶ್ನೆ. ಆದರೆ ಪೈ ಬೆಲೆಯನ್ನು ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಟುಕೊಂಡಿರುವುದರಿಂದ 30° ಅನ್ನು ರೇಡಿಯನ್ನಿಗೆ ತಿರುಗಿಸಿದಾಗಲೇ ಚೂರು ತಪ್ಪಿರುತ್ತದೆ, ಲೆಕ್ಕದ ಕೊನೆಯಲ್ಲೂ ಅಂಕಿ ಕತ್ತರಿಸುತ್ತದೆ. ಪ್ರೋಗ್ರಾಮಿನಲ್ಲಿ `== 0.5` ಅಂತ ತಾಳೆ ನೋಡಿದರೆ ಇಲ್ಲ ಅನ್ನುತ್ತದೆ. ಸಮಬಾಹು ತ್ರಿಭುಜದ ತುಂಡಿನಲ್ಲಿ ಅದು ಸರಿಯಾಗಿ ಅರ್ಧ.

ಮಾತುಕೋಷ್ಟಕ
ಇಷ್ಟು ಚರ್ಚೆ ಬೇಕೇ? ಸೈನ್‌ಗೆ √0/2, √1/2, √2/2, √3/2, √4/2. ಕೊಸೈನ್‌ಗೆ ಹಿಂದಿನಿಂದ. ಐದು ಸೆಕೆಂಡಿನ ಕೆಲಸ.

ಸೀಮೆಸುಣ್ಣ
ತಾಳೆ ನೋಡಲು ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಇದು 0°, 30°, 45°, 60°, 90° ಗೆ ಮಾತ್ರ ಕೂಡಿಬರುವ ಕ್ರಮ. ಕೋನಗಳ ನಡುವಿನ ಅಂತರ ನೋಡಿ, 30, 15, 15, 30. ಸಮ ಅಂತರವಲ್ಲ. ಈ ಕ್ರಮ ಕಲಿತ ಮಗು 15° ಗೆ √(1/2)/2 ಇರಬೇಕು ಅಂತ ಊಹಿಸುತ್ತದೆ, ಅಂದರೆ 0.354. ನಿಜವಾದ ಬೆಲೆ 0.259. ಎಲ್ಲಿ ನಿಲ್ಲಬೇಕು ಅಂತ ಕ್ರಮ ಹೇಳುವುದಿಲ್ಲ. ಅಭಿಮುಖ ಯಾವುದು ಅಂತ ಗೊತ್ತಿಲ್ಲದವರಿಗೆ ಮಾಡಿನ ಲೆಕ್ಕಕ್ಕೂ ಅದು ಕೆಲಸಕ್ಕೆ ಬರುವುದಿಲ್ಲ.

ಮಾತುಕೋಷ್ಟಕ
ಪರೀಕ್ಷೆಗೆ ಮೂರು ಗಂಟೆ ಇರುವುದು. ಅಲ್ಲಿ ಕೂತು ಲಂಬ ಎಳೆಯುವುದಕ್ಕೆ ಆಗಲ್ಲ ಅನ್ನೋದೂ ನಿಜ.

ಕೋನಾರ್ಧ
ಒರಟು ಹಾಳೆಯ ಮೂಲೆಯಲ್ಲಿ ಎರಡು ತ್ರಿಭುಜ ಬರೆಯಲು ಅರ್ಧ ನಿಮಿಷ ಸಾಕು. ಒಮ್ಮೆ ಬರೆದರೆ ಇಡೀ ಪತ್ರಿಕೆಗೆ ಆಗುತ್ತದೆ.

ಬಿಲ್ಲುಹೆದೆ
ಸೈನ್ ಎಂಬ ಹೆಸರೇ ನಮ್ಮ ಜ್ಯಾ ಶಬ್ದದಿಂದ ಸುತ್ತಿ ಬಂದದ್ದು. ಜ್ಯಾ ಅಂದರೆ ಬಿಲ್ಲಿನ ಹೆದೆ. ಕ್ರಿ.ಶ. 499 ರ ಆರ್ಯಭಟೀಯದಲ್ಲಿ ಪರಿಧಿಯ ಆರನೇ ಒಂದು ಭಾಗದ ಜ್ಯಾ ವ್ಯಾಸಾರ್ಧದಷ್ಟೇ ಎಂದು ಹೇಳಿದೆ. ಅದು ನಿಮ್ಮ ಸಮಬಾಹು ತ್ರಿಭುಜವೇ. ವೃತ್ತದ ಕೇಂದ್ರದಿಂದ 60° ಅಂತರದಲ್ಲಿ ಎರಡು ತ್ರಿಜ್ಯ ಎಳೆದು ತುದಿಗಳನ್ನು ಸೇರಿಸಿದರೆ ಮೂರೂ ಬಾಹು ಸಮ. ಹೆದೆಯನ್ನು ಅರ್ಧ ಮಾಡಿದರೆ 30° ಯ ಅರ್ಧಜ್ಯಾ, ತ್ರಿಜ್ಯದ ಅರ್ಧ.

ಅಲ್ಲಿ ಕೊಟ್ಟಿರುವುದು 3.75° ಗೆ ಒಂದರಂತೆ 24 ಜ್ಯಾ ವ್ಯತ್ಯಾಸಗಳು, 225, 224, 222 ಹೀಗೆ. ತ್ರಿಜ್ಯ 3438. ಮೊದಲ ಎಂಟನ್ನು ಕೂಡಿದರೆ 30° ಗೆ 1719, ಸರಿಯಾಗಿ 3438 ರ ಅರ್ಧ. ಹನ್ನೆರಡನ್ನು ಕೂಡಿದರೆ 45° ಗೆ 2431, ಇದೂ 3438/√2 ಗೆ ಹೊಂದುತ್ತದೆ. ಹದಿನಾರು ಕೂಡಿದರೆ 60° ಗೆ 2978.

ಜ್ಯಾಮಿತಿಪ್ರಿಯೆ
3438 × √3/2 ಹಾಕಿದೆ, 2977.4 ಬಂತು. ಪೂರ್ಣಾಂಕ ಮಾಡಿದರೆ 2977 ಅಲ್ಲವೇ?

ಬಿಲ್ಲುಹೆದೆ
ಹೌದು, ಒಂದು ಹೆಚ್ಚಿದೆ. ವ್ಯತ್ಯಾಸಗಳೆಲ್ಲ ಪೂರ್ಣಾಂಕ, ಅವನ್ನು ಕೂಡುತ್ತಾ ಹೋದಾಗ ಚೂರುಪಾರು ಸೇರಿಕೊಳ್ಳುತ್ತದೆ. 30° ಗೆ ಆ ತೊಂದರೆ ಕಾಣದಿರುವುದಕ್ಕೆ ಕಾರಣ ಅಲ್ಲಿ ವರ್ಗಮೂಲವೇ ಇಲ್ಲ, ಬರೀ ಅರ್ಧ.

ಕೋನಾರ್ಧ
ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸುವಿರಾ? ಮಕ್ಕಳು ಎಡವುವುದು ಇದರಲ್ಲಿ: ಒಂದು ಜಾಗದಿಂದ ಕಂಬದ ತುದಿಯ ಉನ್ನತ ಕೋನ 60°. ಕಂಬದಿಂದ ದೂರಕ್ಕೆ 20 ಮೀಟರ್ ಹಿಂದೆ ಸರಿದರೆ 30°. ಕಂಬದ ಎತ್ತರ ಎಷ್ಟು?

ಸೀಮೆಸುಣ್ಣ
ಎತ್ತರ h. 60° ಜಾಗದಿಂದ ಕಂಬದ ಬುಡಕ್ಕೆ ಇರುವ ದೂರ h/√3. 30° ಜಾಗದಿಂದ h√3. ಇಲ್ಲೇ ಅದಲುಬದಲಾಗುವುದು. ಕೋನ ಚಿಕ್ಕದಾದಷ್ಟೂ ನಾವು ದೂರ ನಿಂತಿದ್ದೇವೆ, ಹಾಗಾಗಿ ದೊಡ್ಡದಾದ h√3 ಯು 30° ಗೆ ಸೇರಬೇಕು. ಎರಡರ ವ್ಯತ್ಯಾಸ 20:

h√3 − h/√3 = 20
2h/√3 = 20
h = 10√3 = 17.32 ಮೀ

√3 ಅನ್ನು ಕೊನೆಯ ಸಾಲಿನ ತನಕ ಹಾಗೇ ಇಟ್ಟುಕೊಳ್ಳಬೇಕು. ಮೊದಲಲ್ಲೇ tan 30° = 0.58, tan 60° = 1.73 ಅಂತ ಹಾಕಿದವರಿಗೆ 1/0.58 − 1/1.73 = 1.146 ಬಂದು, h = 17.45 ಆಗುತ್ತದೆ. 13 ಸೆಂಮೀ ಹೆಚ್ಚು. ಲೆಕ್ಕದ ದಾರಿ ಸರಿಯಿದ್ದೂ ಉತ್ತರ ಹೊಂದದಿರುವುದಕ್ಕೆ ಬಹಳ ಸಲ ಇದೇ ಕಾರಣ. ಆ 0.58 ಅಂದರೆ 0.5774 ಅನ್ನು ಎರಡೇ ದಶಮಾಂಶ ಸ್ಥಾನಕ್ಕೆ ಅಂದಾಜು ಮಾಡಿದ್ದು, ತಪ್ಪು ಅಲ್ಲಿಂದ ಬಂತು.

ಜ್ಯಾಮಿತಿಪ್ರಿಯೆ
ಸಮೀಕರಣವೇ ಬೇಡ ಇದಕ್ಕೆ! ಎರಡು ನಿಂತ ಜಾಗ, ಕಂಬದ ತುದಿ, ಈ ಮೂರನ್ನು ಸೇರಿಸಿದ ತ್ರಿಭುಜ ನೋಡಿ. ಹಿಂದಿನ ಜಾಗದಲ್ಲಿ 30°. ಮುಂದಿನ ಜಾಗದ ಒಳಗಡೆ 180 − 60 = 120°. ಹಾಗಾದರೆ ತುದಿಯಲ್ಲೂ 30°. ಸಮದ್ವಿಬಾಹು. ಅಂದಮೇಲೆ ಮುಂದಿನ ಜಾಗದಿಂದ ತುದಿಗೆ ಓರೆ ದೂರ 20 ಮೀ. ಅದು 60° ತ್ರಿಭುಜದ ವಿಕರ್ಣ. ಅದರಲ್ಲಿ 2 ರ ಬದಲು 20 ಇದ್ದರೆ 1 ರ ಬದಲು 10, √3 ರ ಬದಲು 10√3. ಮುಗಿಯಿತು.

ಸೀಮೆಸುಣ್ಣ
ಇದು ನನ್ನದಕ್ಕಿಂತ ಚೆನ್ನಾಗಿದೆ ಮೇಡಂ. ಆದರೆ ಒಂದು ಕೋನ ಇನ್ನೊಂದರ ಎರಡರಷ್ಟು ಇರುವಾಗ ಮಾತ್ರ ಹೀಗೆ ಸಮದ್ವಿಬಾಹು ಆಗುತ್ತದೆ. 45° ಮತ್ತು 30° ಕೊಟ್ಟರೆ ಸಮೀಕರಣಕ್ಕೇ ಬರಬೇಕು, ಮಕ್ಕಳಿಗೆ ಆ ಮಿತಿಯನ್ನೂ ಹೇಳಿ.

ಹಿಂದಿನಬೆಂಚು
ಎರಡು ಮೂಲೆಮಟ್ಟ ಜೋಡಿಸಿದ್ರೆ 15° ಬರುತ್ತೆ, 45 − 30. ಅದಕ್ಕೂ ನಿಖರ ಬೆಲೆ ಇದೆಯಾ?

ಜ್ಯಾಮಿತಿಪ್ರಿಯೆ
ಇದೆ, ಈಗ ಮಾಡಿದ ಸಮದ್ವಿಬಾಹುವಿನ ಉಪಾಯದಿಂದಲೇ. 30° ಪಾದದಲ್ಲಿ ಬರುವಂತೆ ತ್ರಿಭುಜ ಮಲಗಿಸು: ಪಾದ √3, ಎತ್ತರ 1, ವಿಕರ್ಣ 2. ಪಾದವನ್ನು 30° ತುದಿಯಿಂದ ಹೊರಗೆ 2 ರಷ್ಟು ಬೆಳೆಸು. ಆ ಹೊಸ ತುದಿಯನ್ನು ಮೇಲಿನ ಶೃಂಗಕ್ಕೆ ಸೇರಿಸು. ಹೊರಗಿನ ತ್ರಿಭುಜದಲ್ಲಿ ಎರಡು ಬಾಹು 2, ಹೊರಕೋನ 30°, ಹಾಗಾಗಿ ಹೊಸ ತುದಿಯಲ್ಲಿ 15°. ಈಗ ಇಡೀ ಪಾದ 2 + √3, ಎತ್ತರ 1.

tan 15° = 1/(2 + √3) = 2 − √3

ಸುಮಾರು 0.268. ಸರ್, ಇಲ್ಲಿ ಅಕರಣೀಕರಿಸದೆ ಬಿಟ್ಟರೆ 2 − √3 ಕಾಣುತ್ತಲೇ ಇರಲಿಲ್ಲ.

ಪೇಡಾನಗರಿ
ಹಂಗ ಪಾದ ಬೆಳಸ್ಕೊಂತ ಹೋದ್ರ 20° ಸೈತ ಬರತದೇನ್ರಿ?

ಸೀಮೆಸುಣ್ಣ
ಬರುವುದಿಲ್ಲ. ಪ್ರತಿ ಸಲ ಕೋನ ಅರ್ಧ ಆಗುತ್ತದೆ, 30, 15, 7.5. 20° ಬೇಕಾದರೆ 60° ಅನ್ನು ಮೂರು ಭಾಗ ಮಾಡಬೇಕು. ಅದು ಸ್ಕೇಲು, ಕೈವಾರಗಳಿಂದ ಆಗದು ಅಂತ 1837 ರಲ್ಲಿ ಫ್ರೆಂಚ್ ಗಣಿತಜ್ಞ ವಾಂಟ್ಸೆಲ್ ಸಾಧಿಸಿದ. 20° ಯ ಕೊಸೈನ್ 8x³ − 6x − 1 = 0 ಎಂಬ ಘನ ಸಮೀಕರಣದ ಮೂಲ, ವರ್ಗಮೂಲಗಳಷ್ಟರಿಂದ ಅದನ್ನು ಬರೆಯಲಾಗದು.

ಹಿಂದಿನಬೆಂಚು
45° ತ್ರಿಭುಜದಲ್ಲೂ ಹಾಗೇ ಮಾಡಿದೆ. ಪಾದ 1, ಎತ್ತರ 1, ವಿಕರ್ಣ √2. ಪಾದವನ್ನು √2 ಬೆಳೆಸಿದೆ. tan 22.5° = 1/(1 + √2) = √2 − 1 ಬಂತು. ಕ್ಯಾಲ್ಕ್ಯುಲೇಟರ್ ಡಿಗ್ರಿಯಲ್ಲಿಟ್ಟು ನೋಡಿದೆ, 0.41421 ತೋರಿಸ್ತು.